ಒಂದು ಚಿತ್ರ, ಒಂದು ನಿಯಮ, ಒಂದು ಷರತ್ತು

(ಡಿಪ್ಲೊಮಾ ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ನಮಸ್ಕಾರ. ಭಾಷಣಕ್ಕೆ ಮುಂಚೆ ಒಂದು ಲೆಕ್ಕ ಮಾಡೋಣ. ಬೋರ್ಡಿನ ಮೇಲೆ ಮೂರು ರೆಸಿಸ್ಟರ್ ಬರೆದಿದ್ದೇನೆ. ಒಂದೊಂದೂ 6 ಓಮ್. ರೈಲು ಬೋಗಿಗಳ ಹಾಗೆ ಸಾಲಾಗಿ ನಿಂತಿವೆ. ಜೊತೆಗೆ ಎರಡು ತಂತಿ. ಒಂದು ತಂತಿ ಮೇಲಿನಿಂದ ಹಾರಿ ಹೋಗುತ್ತದೆ, ಇನ್ನೊಂದು ಕೆಳಗಿನಿಂದ.

```
  +---------------+
  |               |
--o--[6]--o--[6]--o--[6]--o--
          |               |
          +---------------+
```

ಎಡ ತುದಿಯಿಂದ ಬಲ ತುದಿಗೆ ಒಟ್ಟು ರೆಸಿಸ್ಟೆನ್ಸ್ ಎಷ್ಟು? ಕೈ ಎತ್ತಿ ಹೇಳಿ. 18 ಅನ್ನುವವರು ಜಾಸ್ತಿ ಇದ್ದೀರಿ. ಅಲ್ಲಿ ಯಾರೋ 9 ಅಂದರು. 6 ಅಂದವರೂ ಇದ್ದಾರೆ, ಮೇಲಿನ ತಂತಿಯನ್ನು ನೋಡಿ ಮೊದಲೆರಡು ಶಾರ್ಟ್ ಆಗಿವೆ ಅಂದುಕೊಂಡಿರಬೇಕು. ಸರಿ ಉತ್ತರ 2 ಓಮ್. ಮೂರೂ ಪ್ಯಾರಲಲ್‌ನಲ್ಲಿವೆ.

ನಂಬಿಕೆ ಬರುತ್ತಿಲ್ಲ, ಅಲ್ವಾ? ಹಾಗಾದರೆ ಪ್ರತಿ ಚುಕ್ಕೆಗೂ ಒಂದು ಹೆಸರು ಇಡೋಣ. ಎಡ ತುದಿಯ ಚುಕ್ಕೆ ಕ. ಮುಂದಿನದು ಖ. ಮೂರನೆಯ ಚುಕ್ಕೆಗೆ ಗ ಅನ್ನಬೇಕು ಅನಿಸುತ್ತದೆ. ಆದರೆ ತಡೆಯಿರಿ, ಮೇಲಿನ ತಂತಿ ಅದನ್ನು ಕ ಚುಕ್ಕೆಗೆ ನೇರವಾಗಿ ಕಟ್ಟಿದೆ. ನಡುವೆ ಏನೂ ಇಲ್ಲ, ಬರೀ ತಂತಿ. ಬರೀ ತಂತಿಯ ಎರಡು ತುದಿಗೆ ಬೇರೆ ಬೇರೆ ಹೆಸರು ಇರುವ ಹಾಗಿಲ್ಲ. ಆದ್ದರಿಂದ ಮೂರನೆಯದೂ ಕ. ಇದೇ ಕಾರಣಕ್ಕೆ ನಾಲ್ಕನೆಯದು ಮತ್ತೆ ಖ. ಈಗ ಎಡದಿಂದ ಬಲಕ್ಕೆ ಓದಿ: ಕ, ಖ, ಕ, ಖ. ಮೂರು ರೆಸಿಸ್ಟರಿಗೂ ಒಂದು ಕಾಲು ಕ ಹತ್ತಿರ, ಇನ್ನೊಂದು ಕಾಲು ಖ ಹತ್ತಿರ. ಎರಡೇ ಹೆಸರಿನ ನಡುವೆ ಮೂರೂ ನಿಂತಿವೆ. ಪ್ಯಾರಲಲ್ ಅಂದರೆ ಅಷ್ಟೇ. 6 ಭಾಗಿಸು 3, ಉತ್ತರ 2.

ಇವತ್ತು ನಾನು ಹೇಳಬೇಕಾದ ವಿಷಯದ ಅರ್ಧ ಈ ಲೆಕ್ಕದಲ್ಲೇ ಇದೆ. ನಮ್ಮ ಕಣ್ಣು ಸರ್ಕ್ಯೂಟಿನ ಆಕಾರ ನೋಡುತ್ತದೆ. ಕರೆಂಟಿಗೆ ಆಕಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾವುದು ಯಾವುದಕ್ಕೆ ಸೇರಿದೆ ಅನ್ನುವುದು ಮಾತ್ರ. ನಾವು ನೋಟ್ಸಿನಲ್ಲಿ ಚಿತ್ರ ಬರೆದುಕೊಳ್ಳುವಾಗ ಆಕಾರವನ್ನು ಬರೆದುಕೊಂಡು ಬಂದಿರುತ್ತೇವೆ, ಹೆಸರನ್ನಲ್ಲ. ಪರೀಕ್ಷೆಯಲ್ಲಿ ಅದೇ ಸರ್ಕ್ಯೂಟನ್ನು ಮಗ್ಗುಲು ಮಲಗಿಸಿ ಕೊಟ್ಟರೆ "ಇದು ಸಿಲಬಸ್ಸಿನಲ್ಲೇ ಇರಲಿಲ್ಲ" ಅಂತ ಹೊರಗೆ ಬಂದು ಜಗಳ ಆಡುತ್ತೇವೆ.

ಒಂದು ವರ್ಷ ನಾನು ಕೂಡ ಹೀಗೇ ಜಗಳ ಆಡಿದವಳು. ಆ ಸಲದ ರಜೆಯಲ್ಲಿ ನನ್ನ ಸರ್ಕ್ಯೂಟ್ ನೋಟ್ ಬುಕ್ಕನ್ನು ಮುಂದಿಟ್ಟುಕೊಂಡು ಒಂದು ಕೆಲಸ ಮಾಡಿದೆ. ಮೇಷ್ಟ್ರು ಹೇಳಿದ ಮಾತುಗಳನ್ನೆಲ್ಲ ಪಕ್ಕಕ್ಕಿಟ್ಟು ಚಿತ್ರಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡೆ. 43 ಚಿತ್ರ ಇದ್ದವು. ಪ್ರತಿಯೊಂದಕ್ಕೂ ಈಗ ಮಾಡಿದ ಹಾಗೆ ಚುಕ್ಕೆಗೆ ಹೆಸರಿಟ್ಟೆ. ಆಮೇಲೆ ಇಸ್ಪೀಟು ಜೋಡಿಸುವ ಹಾಗೆ ಗುಂಪು ಮಾಡಿದೆ. ಒಂದೇ ನಿಯಮ, ಒಂದೇ ಷರತ್ತಿನಲ್ಲಿ ಎರಡು ಚಿತ್ರಕ್ಕೆ ನಡೆದರೆ ಅವೆರಡೂ ಒಂದೇ ಗುಂಪು. ನಿಯಮ ಒಂದೇ ಇದ್ದು ಷರತ್ತು ಬೇರೆಯಾದರೆ ಬೇರೆ ಗುಂಪು. ಕೊನೆಗೆ 43 ಚಿತ್ರ 9 ಗುಂಪಿಗೆ ಇಳಿಯಿತು: ಸೀರೀಸ್, ಪ್ಯಾರಲಲ್, ವೋಲ್ಟೇಜ್ ಡಿವೈಡರ್, ಬ್ರಿಡ್ಜ್, ಸ್ಟಾರ್-ಡೆಲ್ಟಾ, ಕೆಪಾಸಿಟರ್ ತುಂಬುವ ಸರ್ಕ್ಯೂಟ್, ಕಾಯಿಲ್ ಇರುವ ಸರ್ಕ್ಯೂಟ್, ಏಸಿ ಸೀರೀಸ್, ರೆಸೊನೆನ್ಸ್. ಒಂದೊಂದು ಗುಂಪಿಗೂ ಒಂದೊಂದು ಕಾರ್ಡ್ ಮಾಡಿದೆ.

ಗುಂಪು ಮಾಡುವಾಗ ನನಗೆ ಆಶ್ಚರ್ಯ ಆಗಿದ್ದು ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಪಾಠ. ನೋಟ್ಸಿನಲ್ಲಿ ಅದಕ್ಕೆ ಬೇರೆಯೇ ಅಧ್ಯಾಯ, ನಾಲ್ಕು ಪುಟ. ಹೆಸರಿಟ್ಟು ನೋಡಿದರೆ ಅದು ವೋಲ್ಟೇಜ್ ಡಿವೈಡರ್! ಮೇಲಿನ ರೆಸಿಸ್ಟರ್ ಬ್ಯಾಟರಿ ಹೊಟ್ಟೆಯೊಳಗಿದೆ, ಕೆಳಗಿನದು ನಾವು ಹಾಕಿದ ಬಲ್ಬು. ಆ ಅಧ್ಯಾಯ ಪೂರ್ತಿ ಡಿವೈಡರ್ ಕಾರ್ಡಿನ ಹಿಂದೆ ಒಂದು ಸಾಲಾಗಿ ಕೂತಿತು.

ಈಗ ಕಾರ್ಡ್ ಹೇಗಿರಬೇಕು ಅನ್ನುವುದು. ಬಿಳಿ ಡ್ರಾಯಿಂಗ್ ಶೀಟನ್ನು ಪೋಸ್ಟ್ ಕಾರ್ಡ್ ಅಳತೆಗೆ ಕತ್ತರಿಸಿ. ಮುಂಭಾಗದ ಮುಕ್ಕಾಲು ಪಾಲು ಚಿತ್ರಕ್ಕೆ. ಸಪ್ಲೈ ಯಾವಾಗಲೂ ಎಡಗಡೆ, ಗ್ರೌಂಡ್ ಕೆಳಗೆ, ನಮಗೆ ಬೇಕಾದ ಉತ್ತರ ಬಲಗಡೆ. ಒಂಬತ್ತು ಕಾರ್ಡಿಗೂ ಇದೇ ಕ್ರಮ. ಹೀಗಿದ್ದರೆ ಎರಡು ಕಾರ್ಡ್ ಪಕ್ಕ ಪಕ್ಕ ಇಟ್ಟಾಗ ವ್ಯತ್ಯಾಸ ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ. ಪ್ರತಿ ಚುಕ್ಕೆಗೂ, ಅಂದರೆ ನೋಡ್‌ಗೂ, ಒಂದು ಹೆಸರು. ಪ್ರತಿ ಕರೆಂಟಿಗೂ ಒಂದು ಬಾಣ. ಪ್ರತಿ ವೋಲ್ಟೇಜಿಗೂ ಪ್ಲಸ್, ಮೈನಸ್ ಗುರುತು. ಬಾಣ ಯಾವ ಕಡೆಗೆ ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ತಪ್ಪು ಕಡೆಗೆ ಹಾಕಿದರೆ ಉತ್ತರ ಮೈನಸ್ಸಿನಲ್ಲಿ ಬರುತ್ತದೆ, ಅಷ್ಟೇ. ಬಾಣವನ್ನೇ ಹಾಕದಿದ್ದರೆ ಮಾತ್ರ ಆ ಮೈನಸ್ಸಿಗೆ ಅರ್ಥ ಇರುವುದಿಲ್ಲ.

ನೋಡ್‌ಗಳಿಗೆ ನಾನು ಕ, ಖ, ಗ ಅನ್ನುವುದು ಭಾಷಾಭಿಮಾನಕ್ಕಲ್ಲ. ಇಂಗ್ಲಿಷ್ ಅಕ್ಷರ ಇಟ್ಟರೆ ಮೊದಲನೆಯದೇ ಆಂಪಿಯರ್ ಗುರುತಿನ ಜೊತೆ ಗೊಂದಲ, ಮೂರನೆಯದು ಕೆಪಾಸಿಟರ್ ಜೊತೆ. ಕನ್ನಡ ಅಕ್ಷರ ಯಾವ ಸೂತ್ರದಲ್ಲೂ ಇಲ್ಲ, ಹಾಗಾಗಿ ಅವು ನೋಡ್‌ಗಳಿಗೆ ಬಿಡುವಾಗಿವೆ.

ಚಿತ್ರದ ಕೆಳಗೆ ಎರಡು ಸಾಲು. ಮೊದಲನೆಯದು ನಿಯಮ, ಎರಡನೆಯದು ಷರತ್ತು. ಷರತ್ತನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಕಾರ್ಡಿನ ಹಿಂದೆ ಒಂದೇ ಒಂದು ಲೆಕ್ಕ, ಉತ್ತರದ ಸಮೇತ. ಹೆಚ್ಚೆಂದರೆ ಒಂದೆರಡು ಸಾಲಿನ ಟಿಪ್ಪಣಿ, ಬೇರೇನೂ ಬೇಡ. ಜಾಗ ಉಳಿದಿದೆ ಅಂತ ಸಾಧನೆ, ವ್ಯಾಖ್ಯೆ, ಉಪಯೋಗಗಳನ್ನೆಲ್ಲ ತುಂಬಿದರೆ ಅದು ಮತ್ತೆ ನೋಟ್ ಬುಕ್ಕೇ ಆಗುತ್ತದೆ, ಸಣ್ಣ ಅಕ್ಷರದ್ದು.

ಕೆಂಪು ಸಾಲಿನ ಬಗ್ಗೆ ಇಷ್ಟು ಹಟ ಯಾಕೆ ಅಂತ ಒಂದು ಕಾರ್ಡ್ ಹಿಡಿದೇ ತೋರಿಸುತ್ತೇನೆ. ವೋಲ್ಟೇಜ್ ಡಿವೈಡರ್. 12 ವೋಲ್ಟ್ ಸಪ್ಲೈ. ಮೇಲೆ R1, 10 ಕಿಲೋ ಓಮ್. ಕೆಳಗೆ R2, 20 ಕಿಲೋ ಓಮ್. ಸಪ್ಲೈಯ ತುದಿ ಕ, ಎರಡು ರೆಸಿಸ್ಟರ್ ಸೇರುವ ಜಾಗ ಖ, ಕೆಳಗಿನ ಗ್ರೌಂಡ್ ಗ. ನಿಯಮ ನಿಮಗೆಲ್ಲ ಗೊತ್ತು.

```
V2 = V × R2 / (R1 + R2)
```

ಮಾತಿನಲ್ಲಿ ಹೇಳುವುದಾದರೆ, ರೆಸಿಸ್ಟೆನ್ಸ್ ಇರುವ ಪ್ರಮಾಣದಲ್ಲೇ ವೋಲ್ಟೇಜ್ ಹಂಚು. 30ರಲ್ಲಿ 20 ಪಾಲು, ಅಂದರೆ ಖ ಹತ್ತಿರ 8 ವೋಲ್ಟ್. ಸರಿ. ಈಗ ಖ ಮತ್ತು ಗ ನಡುವೆ ಒಂದು ಲೋಡ್ ಹಾಕುತ್ತೇನೆ, ಅದೂ 20 ಕಿಲೋ ಓಮ್. ಈಗ ಖ ಹತ್ತಿರ ಎಷ್ಟು?

ನಿಯಮವನ್ನಷ್ಟೇ ಬಾಯಿಪಾಠ ಮಾಡಿದವರು ಈಗಲೂ 8 ಅನ್ನುತ್ತಾರೆ. R1, R2 ಬದಲಾಗಿಲ್ಲವಲ್ಲ! ಆದರೆ R2 ಜೊತೆ ಲೋಡ್ ಪ್ಯಾರಲಲ್ ಆಗಿ ಕೂತಿದೆ. ಎರಡು 20 ಸೇರಿ 10 ಆಯಿತು. ಮೇಲೆ 10, ಕೆಳಗೆ 10. ಖ ಹತ್ತಿರ 6 ವೋಲ್ಟ್. ಆದ್ದರಿಂದ ಈ ಕಾರ್ಡಿನ ಕೆಂಪು ಸಾಲು: "ಖ ನೋಡಿನಿಂದ ಬೇರೆ ಯಾರೂ ಕರೆಂಟ್ ಎಳೆಯಬಾರದು."

ಯಾರೂ ಎಳೆಯಬಾರದು ಅಂದರೆ ಪ್ರಪಂಚದಲ್ಲಿ ಡಿವೈಡರ್ ಕಟ್ಟಿ ಪ್ರಯೋಜನವೇ ಇಲ್ಲ. ಸ್ವಲ್ಪ ಎಳೆದರೆ ಎಷ್ಟು ತಪ್ಪಾಗುತ್ತದೆ ಅನ್ನುವುದು ಗೊತ್ತಿರಬೇಕು. ಇಲ್ಲಿ ಥೆವೆನಿನ್ ನೆರವಿಗೆ ಬರುತ್ತಾನೆ. 1883ರಲ್ಲಿ ಈ ವಿಚಾರ ಪ್ರಕಟಿಸಿದ ಈತ ಫ್ರಾನ್ಸಿನ ಟೆಲಿಗ್ರಾಫ್ ಇಲಾಖೆಯ ಎಂಜಿನಿಯರ್. ಖ ಮತ್ತು ಗ ಕಡೆಯಿಂದ ಒಳಗೆ ಇಣುಕಿ ನೋಡಿ. ಸಪ್ಲೈಯನ್ನು ತೆಗೆದು ಆ ಜಾಗಕ್ಕೆ ತಂತಿ ಹಾಕಿದರೆ ಕ ಮತ್ತು ಗ ಒಂದೇ ಹೆಸರಾಗುತ್ತವೆ. ಆಗ R1, R2 ಎರಡೂ ಖ ಮತ್ತು ಗ ನಡುವೆ ಪ್ಯಾರಲಲ್. 10 ಮತ್ತು 20 ಸೇರಿ 6.67 ಕಿಲೋ ಓಮ್. ಅಂದರೆ ಹೊರಗಿನವರ ಪಾಲಿಗೆ ಈ ಸರ್ಕ್ಯೂಟ್ ಪೂರ್ತಿ, ಒಳಗೆ 6.67 ಕಿಲೋ ಓಮ್ ಇರುವ 8 ವೋಲ್ಟಿನ ಬ್ಯಾಟರಿ. 20 ಕಿಲೋ ಓಮ್ ಲೋಡ್ ಹಾಕಿ: 26.67ರಲ್ಲಿ 20 ಪಾಲು, 8ರ ಮುಕ್ಕಾಲು, 6 ವೋಲ್ಟ್. ಎರಡು ದಾರಿಯಲ್ಲೂ ಒಂದೇ ಉತ್ತರ.

ಈಗ ಕೆಂಪು ಸಾಲಿಗೆ ಒಂದು ಅಳತೆ ಸಿಕ್ಕಿತು. ಲೋಡ್ ಈ 6.67ರ ಹತ್ತು ಪಟ್ಟು ಇದ್ದರೆ ವೋಲ್ಟೇಜ್ ಹನ್ನೊಂದರಲ್ಲಿ ಒಂದು ಪಾಲು, ಸುಮಾರು ಶೇಕಡ 9 ಇಳಿಯುತ್ತದೆ. ನೂರು ಪಟ್ಟು ಇದ್ದರೆ ಸುಮಾರು ಶೇಕಡ 1. ಎಷ್ಟು ತಪ್ಪು ಸಹಿಸಬಹುದು ಅನ್ನುವುದು ನಿಮ್ಮ ಕೆಲಸದ ಮೇಲೆ. ಎಲ್ಇಡಿ ಹೊತ್ತಿಸುವವರಿಗೆ ಹತ್ತು ಪಟ್ಟು ಸಾಕು ಅನಿಸಬಹುದು, ಅಳತೆ ಮಾಡುವವರಿಗೆ ಸಾಲದು.

ಅಳತೆ ಅಂದ ತಕ್ಷಣ ನೆನಪಾಯಿತು. ಲ್ಯಾಬಿನಲ್ಲಿ ಒಬ್ಬ ಹುಡುಗ 12 ವೋಲ್ಟಿಗೆ ಎರಡು 1 ಮೆಗಾ ಓಮ್ ರೆಸಿಸ್ಟರ್ ಸೀರೀಸಿನಲ್ಲಿ ಹಾಕಿ ಅಳೆಯುತ್ತಿದ್ದ. ಒಂದೊಂದರ ಮೇಲೂ 6 ವೋಲ್ಟ್ ಬರಬೇಕು. ಮೀಟರ್ 5.7 ತೋರಿಸಿತು. ಕೆಳಗಿನದು ಕೆಟ್ಟಿದೆ ಅಂದುಕೊಂಡು ಮೇಲಿನದನ್ನು ಅಳೆದ. ಅಲ್ಲೂ 5.7. ಕೂಡಿಸಿದರೆ 11.4. ಸಪ್ಲೈ ಅಳೆದರೆ ಸರಿಯಾಗಿ 12. "ಮೇಡಂ, 0.6 ವೋಲ್ಟ್ ಎಲ್ಲಿ ಹೋಯಿತು? ಕಿರ್ಚಾಫ್ ಸುಳ್ಳಾ?" ಅಂತ ಕೇಳಿದ. ಪಾಪ, ಎರಡು ಸಲ ರೆಸಿಸ್ಟರ್ ಬದಲಾಯಿಸಿದ್ದ.

ಕದ್ದವನು ಕೈಯಲ್ಲೇ ಇದ್ದ. ಸಾಮಾನ್ಯ ಡಿಜಿಟಲ್ ಮೀಟರ್ ವೋಲ್ಟೇಜ್ ಅಳೆಯುವಾಗ ತಾನೇ 10 ಮೆಗಾ ಓಮ್ ಲೋಡ್ ಆಗಿ ಕೂರುತ್ತದೆ. ಈ ಡಿವೈಡರಿನ ಒಳಗಿನ ರೆಸಿಸ್ಟೆನ್ಸ್ ಅರ್ಧ ಮೆಗಾ ಓಮ್. 10.5ರಲ್ಲಿ 10 ಪಾಲು, 6ಕ್ಕೆ 5.71. ಮೀಟರನ್ನು ಎಲ್ಲಿ ಇಡುತ್ತಾನೋ ಅಲ್ಲಿ ಇಳಿಯುತ್ತದೆ, ಇನ್ನೊಂದು ಕಡೆ ಅಷ್ಟೇ ಏರುತ್ತದೆ. ಅವನು ಏರಿದ್ದನ್ನು ನೋಡಲು ಸಾಧ್ಯವೇ ಇಲ್ಲ, ಯಾಕೆಂದರೆ ಆಗ ಮೀಟರ್ ಅಲ್ಲಿರುವುದಿಲ್ಲ. ಎರಡು ಭಾಗ ಬೇರೆ ಬೇರೆ ಅಳೆದು ಕೂಡಿಸಿದಾಗ ಸಪ್ಲೈಗಿಂತ ಕಡಿಮೆ ಬಂದರೆ ಮೊದಲು ಮೀಟರನ್ನೇ ಅನುಮಾನಿಸಿ. ಈ ಸಾಲು ಈಗ ನನ್ನ ಡಿವೈಡರ್ ಕಾರ್ಡಿನ ಹಿಂದೆ ಇದೆ.

ಮುಂದಿನ ಕಾರ್ಡಿಗೆ ಹೊಸ ಚಿತ್ರ ಬೇಡ. ಇದೇ ಡಿವೈಡರಿಗೆ ಕ ಹತ್ತಿರ ಒಂದು ಸ್ವಿಚ್ ಹಾಕಿ. ಲೋಡ್ ತೆಗೆದು, ಖ ಮತ್ತು ಗ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇಷ್ಟು ದೊಡ್ಡದು ಎಲೆಕ್ಟ್ರೋಲಿಟಿಕ್ ಆಗಿರುತ್ತದೆ, ಅದಕ್ಕೆ ಪ್ಲಸ್, ಮೈನಸ್ ಇದೆ. ಮೈನಸ್ ಪಟ್ಟಿ ಇರುವ ಕಾಲು ಗ ಕಡೆಗೆ. ತಿರುಗಿಸಿ ಹಾಕಿದರೆ ಬಿಸಿಯಾಗಿ ಸಿಡಿಯಬಹುದು. ಚಿತ್ರದಲ್ಲೂ ಆ ಪ್ಲಸ್ ಗುರುತು ಇರಲೇಬೇಕು.

ಈ ಗುಂಪಿನ ನೋಟ್ಸಿನಲ್ಲಿ ಡಿಫರೆನ್ಷಿಯಲ್ ಸಮೀಕರಣ ಎರಡು ಪುಟ ಇರುತ್ತದೆ. ಅದನ್ನು ಒಂದು ಸಲ ಅರ್ಥ ಮಾಡಿಕೊಳ್ಳಿ, ಆದರೆ ಕಾರ್ಡಿಗೆ ತರಬೇಡಿ. ಕಾರ್ಡಿಗೆ ಬೇಕಾಗಿರುವುದು ಮೂರು ಪ್ರಶ್ನೆ. ಶುರುವಿನಲ್ಲಿ ಕೆಪಾಸಿಟರ್ ಮೇಲೆ ಎಷ್ಟಿತ್ತು? ಕೊನೆಗೆ ಎಷ್ಟಾಗುತ್ತದೆ? ನಡುವಿನ ದಾರಿಗೆ ಟೌ, ಅಂದರೆ ಸಮಯದ ಅಳತೆ, ಎಷ್ಟು?

```
τ = R × C
```

ಒಂದು ಟೌ ಕಳೆದಾಗ ದಾರಿಯ ಶೇಕಡ 63 ಮುಗಿದಿರುತ್ತದೆ. ಐದು ಟೌ ಕಳೆದರೆ ಶೇಕಡ 99 ದಾಟಿರುತ್ತದೆ, ಮುಗಿಯಿತು ಅಂತಲೇ ಲೆಕ್ಕ. ಇದೇ ಈ ಕಾರ್ಡಿನ ನಿಯಮ.

ಸ್ವಿಚ್ ಹಾಕೋಣ. ಶುರುವಿನಲ್ಲಿ 0. ಟೌ ಎಷ್ಟು? ಎಲ್ಲರೂ 10 ಸೆಕೆಂಡ್ ಅಂದಿರಿ. 10 ಕಿಲೋ ಓಮ್ ಗುಣಿಸು 1000 ಮೈಕ್ರೋಫ್ಯಾರಡ್. ಕರೆಂಟ್ R1 ಮೂಲಕ ತಾನೇ ಬರುವುದು, ಹಾಗಾಗಿ R1. ಕೇಳಲು ಸರಿಯಾಗೇ ಇದೆ, ಆದರೆ ತಪ್ಪು. R1 ಮೂಲಕ ಬಂದ ಕರೆಂಟೆಲ್ಲ ಕೆಪಾಸಿಟರಿಗೆ ಹೋಗುವುದಿಲ್ಲ. R2 ಒಂದು ಪಾಲು ಕಸಿದುಕೊಳ್ಳುತ್ತದೆ. ಕೆಪಾಸಿಟರ್ ತುಂಬುತ್ತ ಹೋದ ಹಾಗೆ ಆ ಪಾಲು ಹೆಚ್ಚುತ್ತದೆ, 8 ವೋಲ್ಟ್ ತಲುಪಿದಾಗ ಅಷ್ಟೂ R2ಗೇ ಹೋಗುತ್ತದೆ. ಆದ್ದರಿಂದ ಕೊನೆಯ ವೋಲ್ಟೇಜ್ 12 ಅಲ್ಲ, 8. ಟೌ ಲೆಕ್ಕಕ್ಕೆ ಬೇಕಾದ R ಯಾವುದು? ಕೆಪಾಸಿಟರ್ ತನ್ನ ಎರಡು ಕಾಲಿನ ಕಡೆಯಿಂದ ಇಣುಕಿದರೆ ಕಾಣುವ R. ಅದನ್ನು ಆಗಲೇ ಕಂಡುಹಿಡಿದಿದ್ದೇವೆ, 6.67 ಕಿಲೋ ಓಮ್. ಟೌ 6.67 ಸೆಕೆಂಡ್. ಅಷ್ಟು ಹೊತ್ತಿಗೆ 8ರ ಶೇಕಡ 63, ಸುಮಾರು 5 ವೋಲ್ಟ್. ಐದು ಟೌ ಅಂದರೆ ಸುಮಾರು 33 ಸೆಕೆಂಡಿನಲ್ಲಿ ತುಂಬಿತು.

ಈಗ ಸ್ವಿಚ್ ತೆಗೆಯೋಣ. ಕ ಹತ್ತಿರ ದಾರಿ ಕಡಿದುಹೋಯಿತು. R1 ಒಂದು ಕಾಲು ಗಾಳಿಯಲ್ಲಿ ತೂಗುತ್ತಿದೆ, ಅದರಲ್ಲಿ ಕರೆಂಟ್ ಹರಿಯುವ ಹಾಗಿಲ್ಲ. ಕೆಪಾಸಿಟರ್ ಇಣುಕಿದರೆ ಈಗ R2 ಒಂದೇ ಕಾಣುತ್ತದೆ. ಟೌ 20 ಸೆಕೆಂಡ್! ಶುರು 8, ಕೊನೆ 0. 20 ಸೆಕೆಂಡ್ ಆದಾಗ ಶೇಕಡ 63 ಖಾಲಿ, 37 ಉಳಿದಿದೆ, ಸುಮಾರು 2.9 ವೋಲ್ಟ್. ಪೂರ್ತಿ ಖಾಲಿಯಾಗಲು 100 ಸೆಕೆಂಡ್.

ಒಂದೇ ಚಿತ್ರ, ಒಂದೇ ಕೆಪಾಸಿಟರ್. ತುಂಬಲು 33 ಸೆಕೆಂಡ್, ಖಾಲಿಯಾಗಲು 100. ಟೌ ಅನ್ನುವುದು ಸರ್ಕ್ಯೂಟಿನ ಹಣೆಬರಹ ಅಲ್ಲ, ಸ್ವಿಚ್ ಯಾವ ಕಡೆ ಇದೆ ಅನ್ನುವುದರ ಮೇಲೆ ಬದಲಾಗುತ್ತದೆ. ಆದ್ದರಿಂದ ಈ ಕಾರ್ಡಿನಲ್ಲಿ ಚಿತ್ರ ಎರಡು ಸಲ ಬರೆಯಬೇಕು, ಸ್ವಿಚ್ ಹಾಕಿದ್ದು ಒಂದು, ತೆಗೆದದ್ದು ಒಂದು. ಕೆಂಪು ಸಾಲು: "R ಅಂದರೆ ಈ ಕ್ಷಣ ಕೆಪಾಸಿಟರಿಗೆ ಕಾಣುವ R. ಕೆಪಾಸಿಟರ್ ಒಂದೇ ಇರಬೇಕು." ಎರಡನೆಯ ಮಾತು ಯಾಕೆ ಅಂದರೆ, ಒಂದಕ್ಕೊಂದು ಸೇರಿಸಿ ಒಂದೇ ಮಾಡಲಾಗದ ಹಾಗೆ ಎರಡು ಕೆಪಾಸಿಟರ್ ಬೇರೆ ಬೇರೆ ನೋಡಿನಲ್ಲಿದ್ದರೆ ಒಂದು ಟೌ ಸಾಕಾಗುವುದಿಲ್ಲ. ಆ ಸರ್ಕ್ಯೂಟಿಗೆ ಈ ಕಾರ್ಡ್ ಎತ್ತಲೇಬಾರದು.

ಕಾಯಿಲ್ ಕಾರ್ಡ್ ಇದರ ಅವಳಿ. ಕೆಪಾಸಿಟರಿನಲ್ಲಿ ವೋಲ್ಟೇಜ್ ಜಿಗಿಯುವುದಿಲ್ಲ, ಕಾಯಿಲಿನಲ್ಲಿ ಕರೆಂಟ್ ಜಿಗಿಯುವುದಿಲ್ಲ. ಟೌ ಮಾತ್ರ ಇಲ್ಲಿ `L / R`. R ಜಾಸ್ತಿಯಾದರೆ ಕೆಪಾಸಿಟರ್ ಸರ್ಕ್ಯೂಟ್ ನಿಧಾನವಾಗುತ್ತದೆ, ಕಾಯಿಲ್ ಸರ್ಕ್ಯೂಟ್ ಬೇಗ ಆಗುತ್ತದೆ. ಇವೆರಡನ್ನು ಪಕ್ಕ ಪಕ್ಕ ಇಟ್ಟುಕೊಂಡೇ ಓದಿ. ಸ್ಟಾರ್-ಡೆಲ್ಟಾ ಕಾರ್ಡಿನಲ್ಲಿ ಮೂರೂ ಸಮ ಇದ್ದಾಗ ಡೆಲ್ಟಾದ್ದು ಸ್ಟಾರಿನ ಮೂರು ಪಟ್ಟು, ಅಷ್ಟು ಬರೆದರೆ ಸಾಕು. ಸಮ ಇಲ್ಲದಿದ್ದರೆ ಪೂರ್ತಿ ಸೂತ್ರವೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಬ್ರಿಡ್ಜ್ ಕಾರ್ಡಿನಲ್ಲಿ ಒಂದು ಮಾತು. ವೀಟ್‌ಸ್ಟನ್ ಹೆಸರಿನಲ್ಲಿ ಕರೆದರೂ ಇದನ್ನು ಮೊದಲು 1833ರಲ್ಲಿ ಹೇಳಿದವರು ಕ್ರಿಸ್ಟಿ. ಪುಸ್ತಕದಲ್ಲಿ ಇದನ್ನು ಯಾವಾಗಲೂ ವಜ್ರದ ಆಕಾರದಲ್ಲಿ ಬರೆಯುತ್ತಾರೆ. ನೀವು ಎರಡು ಡಿವೈಡರ್ ಪಕ್ಕ ಪಕ್ಕ ನಿಲ್ಲಿಸಿ, ನಡುವೆ ಮೀಟರ್ ಇಟ್ಟು ಬರೆಯಿರಿ. ಎರಡೂ ಡಿವೈಡರ್ ಒಂದೇ ಪ್ರಮಾಣದಲ್ಲಿ ಹಂಚಿದರೆ ಎರಡು ಮಧ್ಯದ ನೋಡಿನಲ್ಲೂ ಒಂದೇ ವೋಲ್ಟೇಜ್, ಮೀಟರಿನಲ್ಲಿ ಕರೆಂಟ್ ಸೊನ್ನೆ. ಕರೆಂಟ್ ಸೊನ್ನೆ ಆದ್ದರಿಂದ ಡಿವೈಡರಿನ ಕೆಂಪು ಸಾಲೂ ಇಲ್ಲಿ ತಾನಾಗಿ ಪಾಲನೆಯಾಗುತ್ತದೆ. ಬ್ಯಾಲೆನ್ಸ್ ತಪ್ಪಿದರೆ ನಿಯಮ, ಷರತ್ತು ಎರಡೂ ಮುರಿಯುತ್ತವೆ. ಆಗ ಥೆವೆನಿನ್.

ಏಸಿ ಸೀರೀಸಿನಲ್ಲಿ ಬರೀ ಸರ್ಕ್ಯೂಟ್ ಚಿತ್ರ ಸಾಲದು, ಪಕ್ಕದಲ್ಲಿ ಬಾಣಗಳ ತ್ರಿಕೋನವೂ ಬೇಕು. 230 ವೋಲ್ಟ್ ಏಸಿಗೆ 30 ಓಮ್ ರೆಸಿಸ್ಟರ್, 40 ಓಮ್ ರಿಯಾಕ್ಟೆನ್ಸ್ ಇರುವ ಕೆಪಾಸಿಟರ್ ಸೀರೀಸಿನಲ್ಲಿ. ಒಟ್ಟು 70 ಅಲ್ಲ, 50. ಕರೆಂಟ್ 4.6 ಆಂಪಿಯರ್. ರೆಸಿಸ್ಟರ್ ಮೇಲೆ 138 ವೋಲ್ಟ್, ಕೆಪಾಸಿಟರ್ ಮೇಲೆ 184. ಸುಮ್ನೆ ಕೂಡಿಸಿದರೆ 322 ಬರುತ್ತದೆ, ಸಪ್ಲೈಗಿಂತ ಜಾಸ್ತಿ! ಎರಡೂ ಒಂದೇ ಕ್ಷಣದಲ್ಲಿ ತುದಿ ಮುಟ್ಟುವುದಿಲ್ಲ, ಅದಕ್ಕೇ ಲಂಬವಾಗಿ ಕೂಡಿಸಬೇಕು. 138ರ ವರ್ಗ, 184ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸರಿಯಾಗಿ 230. ಡಿಸಿ ಸೀರೀಸ್ ಕಾರ್ಡಿಗೂ ಏಸಿ ಸೀರೀಸ್ ಕಾರ್ಡಿಗೂ ಚಿತ್ರ ಹೆಚ್ಚು ಕಡಿಮೆ ಒಂದೇ. ಷರತ್ತು ಬೇರೆ, ಹಾಗಾಗಿ ಕಾರ್ಡ್ ಬೇರೆ. ರೆಸೊನೆನ್ಸ್ ಕಾರ್ಡ್ ಇದರಿಂದಲೇ ಹುಟ್ಟುತ್ತದೆ: ಕಾಯಿಲಿನ ರಿಯಾಕ್ಟೆನ್ಸ್, ಕೆಪಾಸಿಟರಿನದಕ್ಕೆ ಸಮವಾದಾಗ ಉಳಿಯುವುದು R ಮಾತ್ರ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಮುಂದಿನ ಸಾಲಿನ ಹುಡುಗ ಕೇಳಿದ: "ಮೇಡಂ, ಸೂಪರ್‌ಪೊಸಿಷನ್ ಯಾವ ಕಾರ್ಡಿಗೆ ಬರುತ್ತದೆ? ನಿಮ್ಮ ಒಂಬತ್ತರಲ್ಲಿ ಅದು ಇಲ್ಲ."

ಒಳ್ಳೆಯ ಪ್ರಶ್ನೆ. ಸೂಪರ್‌ಪೊಸಿಷನ್ ಸರ್ಕ್ಯೂಟಿನ ಬಗೆ ಅಲ್ಲ, ಬಿಡಿಸುವ ದಾರಿ: ಒಂದೊಂದು ಸಪ್ಲೈಯಿಂದ ಬರುವ ಕರೆಂಟನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸುವುದು. ಥೆವೆನಿನ್ ಕೂಡ ಹಾಗೇ. ನಾನು ದಾರಿಗಳನ್ನು ಹಳದಿ ಕಾರ್ಡಿನಲ್ಲಿ ಇಡುತ್ತೇನೆ, ಸರ್ಕ್ಯೂಟುಗಳನ್ನು ಬಿಳಿ ಕಾರ್ಡಿನಲ್ಲಿ. ಹಳದಿ ಕಾರ್ಡಿಗೂ ಕೆಂಪು ಸಾಲು ಇದೆ. ಸೂಪರ್‌ಪೊಸಿಷನ್‌ಗೆ ಅದು: "ಪವರ್ ಕೂಡಿಸಬೇಡ." 4 ಓಮ್ ರೆಸಿಸ್ಟರಿನಲ್ಲಿ ಒಂದು ಸಪ್ಲೈಯಿಂದ 2 ಆಂಪಿಯರ್, ಇನ್ನೊಂದರಿಂದ ಅದೇ ದಿಕ್ಕಿನಲ್ಲಿ 3 ಆಂಪಿಯರ್. ಪವರ್ ಬೇರೆ ಬೇರೆ ಲೆಕ್ಕ ಹಾಕಿದರೆ 16 ಮತ್ತು 36, ಒಟ್ಟು 52 ವ್ಯಾಟ್. ನಿಜವಾಗಿ 5 ಆಂಪಿಯರ್ ಹರಿಯುತ್ತಿದೆ, ಪವರ್ 100 ವ್ಯಾಟ್. 52ಕ್ಕೆ ಸಾಕು ಅಂತ ತಂದ ರೆಸಿಸ್ಟರ್ ಸುಟ್ಟು ಕರಕಲಾಗುತ್ತದೆ.

ಒಬ್ಬ ಮೇಷ್ಟ್ರು ಎದ್ದು, ಕಾರ್ಡುಗಳನ್ನು ನಾವೇ ಮಾಡಿ ಜೆರಾಕ್ಸ್ ಹಂಚಿದರೆ ಮಕ್ಕಳ ಸಮಯ ಉಳಿಯುವುದಿಲ್ಲವೇ ಅಂದರು. ನಾನೂ ಒಂದು ವರ್ಷ ಹಂಚಿದ್ದೆ. ಕಾರ್ಡ್ ಎಲ್ಲರ ಹತ್ತಿರ ಇತ್ತು, ಆದರೆ ಈ ಮೂರು ರೆಸಿಸ್ಟರ್ ಲೆಕ್ಕ ಕೊಟ್ಟಾಗ ಮತ್ತೆ 18 ಅಂದರು. ಹೆಸರಿಡುವ ಕೆಲಸವನ್ನು ನಾನೇ ಮಾಡಿಬಿಟ್ಟಿದ್ದೆ, ಅವರ ಕೈ ಅದನ್ನು ಮಾಡಿರಲಿಲ್ಲ. ಈಗ ಹಂಚುವುದಾದರೆ ಬರೀ ಚಿತ್ರ ಹಂಚುತ್ತೇನೆ. ಹೆಸರು, ಬಾಣ, ಪ್ಲಸ್, ಮೈನಸ್, ಕೆಂಪು ಸಾಲು ಎಲ್ಲ ಖಾಲಿ. ಚಿತ್ರವನ್ನೂ ಬೇಕೆಂದೇ ವಕ್ರವಾಗಿ ಬರೆದಿರುತ್ತೇನೆ.

ಕೊನೆಗೆ ವೇದಿಕೆಯ ಮೇಲೆ ಆ ಕೆಪಾಸಿಟರ್ ಸರ್ಕ್ಯೂಟನ್ನು ಕಟ್ಟಿದೆವು. 20 ಕಿಲೋ ಓಮ್ ಇರಲಿಲ್ಲ, ಎರಡು 10 ಸೀರೀಸಿನಲ್ಲಿ ಹಾಕಿದೆವು. ಕೆಪಾಸಿಟರ್ 25 ವೋಲ್ಟಿನದು. ಮೀಟರ್ ಖ ಮತ್ತು ಗ ನಡುವೆ. ಅದರ 10 ಮೆಗಾ ಓಮ್ ಇಲ್ಲಿ ಲೆಕ್ಕಕ್ಕಿಲ್ಲ, 20 ಕಿಲೋ ಓಮ್ ಮುಂದೆ ಅದು ಐನೂರು ಪಟ್ಟು. ತುಂಬಿದ ಮೇಲೆ ಸ್ವಿಚ್ ತೆಗೆದು, 8ರಿಂದ 2.9ಕ್ಕೆ ಇಳಿಯುವವರೆಗೆ ಒಬ್ಬಳು ಮೊಬೈಲಿನ ಸ್ಟಾಪ್‌ವಾಚ್ ಹಿಡಿದಳು. 23 ಸೆಕೆಂಡ್ ಬಂತು.

"ಮೇಡಂ, 20 ಅಂದಿರಲ್ಲ?"

ರೆಸಿಸ್ಟರ್ ಅಳೆದು ನೋಡಿದೆವು, ಸರಿಯಾಗಿತ್ತು. ಹಾಗಾದರೆ ಕೆಪಾಸಿಟರ್. ಇಂಥ ಎಲೆಕ್ಟ್ರೋಲಿಟಿಕ್ ಮೇಲೆ 1000 ಅಂತ ಅಚ್ಚು ಹಾಕಿದ್ದರೂ ಸಾಮಾನ್ಯವಾಗಿ ಶೇಕಡ 20 ಹೆಚ್ಚು ಕಡಿಮೆ ಇರಬಹುದು ಅಂತ ತಯಾರಕರೇ ಹೇಳಿರುತ್ತಾರೆ. 800ರಿಂದ 1200ರವರೆಗೆ ಎಲ್ಲಾದರೂ ಇರಬಹುದು. ಅಂದರೆ ಟೌ 16ರಿಂದ 24 ಸೆಕೆಂಡ್. 23 ಅದರೊಳಗೇ ಇದೆ. ಅವಳು ತನ್ನ ಕಾರ್ಡಿನ ಹಿಂದೆ ಬರೆದಿದ್ದ 20ನ್ನು ಹೊಡೆದು "16ರಿಂದ 24" ಅಂತ ಬರೆದುಕೊಂಡಳು. ಡಬ್ಬಿಯಲ್ಲಿದ್ದ ಇನ್ನೊಂದು ಕೆಪಾಸಿಟರ್ ಹಾಕಿ ನೋಡಿದೆವು. 19 ಬಂತು.